ಅರವತ್ತು ದಿನದ ಆಕ್ಷೇಪಣೆ: ಯಂತ್ರಾನುವಾದವಾಗಿ ಬಂದ ಭೂಸ್ವಾಧೀನ ಅಧಿಸೂಚನೆಯೊಂದನ್ನು ತಿದ್ದಿದ ಬಗೆ

ಏತ ನೀರಾವರಿ ಕಾಲುವೆಯೊಂದಕ್ಕೆ ರೈತರ ಜಮೀನು ತೆಗೆದುಕೊಳ್ಳುವ ಪ್ರಾಥಮಿಕ ಅಧಿಸೂಚನೆ ಅದು. ಕರಡನ್ನು ಕಾನೂನು ಸಲಹೆಗಾರರು ಇಂಗ್ಲಿಷಿನಲ್ಲಿ ಬರೆದಿದ್ದರು. ಕಚೇರಿಯವರು ಅದನ್ನು ಯಂತ್ರಾನುವಾದಕ್ಕೆ ಹಾಕಿ, ಬಂದ ಕನ್ನಡವನ್ನು ನನಗೆ ಕಳಿಸಿ, "ಒಂದು ಸಲ ನೋಡಿ ಸರಿಮಾಡಿ ಕೊಡಿ, ನಾಳೆ ಸಂಜೆ ಪತ್ರಿಕೆಗೆ ಹೋಗಬೇಕು" ಎಂದರು. ಪೂರ್ತಿ ಹೊಸದಾಗಿ ಅನುವಾದಿಸುವಷ್ಟು ಸಮಯವಿರಲಿಲ್ಲ. ಹಾಗಾಗಿ ಎಲ್ಲ ತಪ್ಪನ್ನೂ ಒಂದೇ ತೂಕದಲ್ಲಿ ನೋಡಲು ಬರುತ್ತಿರಲಿಲ್ಲ. ಯಾವುದನ್ನು ಮೊದಲು ತಿದ್ದಬೇಕು, ಯಾವುದನ್ನು ಹಾಗೆಯೇ ಬಿಡಬಹುದು ಎಂದು ತೀರ್ಮಾನಿಸುವುದೇ ನಿಜವಾದ ಕೆಲಸವಾಗಿತ್ತು.

ಈ ಕಾಗದದ ತೂಕ ಏನೆಂದು ಮೊದಲು ಹೇಳಬೇಕು. 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಥಮಿಕ ಅಧಿಸೂಚನೆ ರಾಜ್ಯಪತ್ರದಲ್ಲಿ ಬರಬೇಕು. ಆ ಪ್ರದೇಶದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲೂ ಬರಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಪಂಚಾಯಿತಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ಅದು ಸ್ಥಳೀಯ ಭಾಷೆಯಲ್ಲೇ ಇರಬೇಕು. ಅಂದರೆ ಜಮೀನು ಕಳೆದುಕೊಳ್ಳುವವರು ಓದುವುದು ಕನ್ನಡದ ಪಾಠವನ್ನೇ, ಇಂಗ್ಲಿಷ್ ಮೂಲ ಅವರ ಕೈಗೆ ಬರುವುದೇ ಇಲ್ಲ. ಓದಿದ ಮೇಲೆ ಅವರು ಮಾಡಬೇಕಾದ, ಮಾಡಬಾರದ ಕೆಲಸಗಳಿವೆ. 60 ದಿನದೊಳಗೆ ಆಕ್ಷೇಪಣೆ ಕೊಡಬಹುದು. ಅಧಿಸೂಚನೆ ಪ್ರಕಟವಾದ ದಿನದಿಂದಲೇ ಆ ಜಮೀನನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ.

ಅನುವಾದದ ಗುಣಮಟ್ಟ ಅಳೆಯಲು ಈಗ ಎಂಕ್ಯೂಎಂ ಎನ್ನುವ ಚೌಕಟ್ಟು ಬಳಕೆಯಲ್ಲಿದೆ. ಅದರಲ್ಲಿ ಸಣ್ಣ ತಪ್ಪಿಗೆ 1, ದೊಡ್ಡದಕ್ಕೆ 5, ಗಂಭೀರ ತಪ್ಪಿಗೆ 25 ಅಂಕ ಕಳೆಯುವುದು ರೂಢಿ. ಏಜೆನ್ಸಿಗಳಿಗೆ ಕೆಲಸ ಮಾಡುವಾಗ ನಾನೂ ಇದನ್ನೇ ಬಳಸುತ್ತೇನೆ. ಆದರೆ ಈ ದಾಖಲೆಗೆ ಅದನ್ನು ಹಾಗೇ ಹಚ್ಚಿದರೆ ಮೂವತ್ತು ಒರಟು ವಾಕ್ಯಗಳು ಸೇರಿ ಒಂದು ತಿರುಗಿಬಿದ್ದ ನಿಷೇಧಕ್ಕಿಂತ ಹೆಚ್ಚು ತೂಗುತ್ತವೆ. ಒರಟು ವಾಕ್ಯವನ್ನು ಓದಿ ಯಾರೂ ಜಮೀನು ಕಳೆದುಕೊಳ್ಳುವುದಿಲ್ಲ. ಆದ್ದರಿಂದ ಅಂಕ ಕೂಡುವುದನ್ನು ಬಿಟ್ಟು, ಪ್ರತಿ ತಪ್ಪಿಗೂ ಎರಡು ಪ್ರಶ್ನೆ ಕೇಳಿದೆ. ಇದನ್ನು ನಂಬಿ ಓದುಗರು ಏನು ಮಾಡುತ್ತಾರೆ? ಇದು ತಪ್ಪು ಎಂದು ಅವರಿಗೇ ಗೊತ್ತಾಗುತ್ತದೆಯೇ?

ಎರಡನೇ ಪ್ರಶ್ನೆಯಿಂದ ತಪ್ಪುಗಳ ಸಾಲೇ ಬದಲಾಯಿತು. ಕರಡಿನಲ್ಲಿ ಭೂಸ್ವಾಧೀನಾಧಿಕಾರಿಯ ಐತೀರ್ಪು ಎಂದಿರಬೇಕಾದ ಕಡೆ "ಪ್ರಶಸ್ತಿ" ಎಂದಿತ್ತು. ತೀರಿಕೊಂಡ ಖಾತೆದಾರರ ಹೆಸರಿನ ಹಿಂದೆ "ತಡವಾದ" ಎಂದಿತ್ತು. ಮೊದಲ ನೋಟಕ್ಕೆ ಕಣ್ಣು ಕುಕ್ಕುವ ತಪ್ಪುಗಳು ಇವೇ, ಕಚೇರಿಯವರೂ ಇವನ್ನೇ ತೋರಿಸಿದ್ದರು. ಆದರೆ "ತಡವಾದ ನಿಂಗಪ್ಪ" ಎಂದು ಓದಿದ ಯಾರೂ ಮೋಸಹೋಗುವುದಿಲ್ಲ, ಏನೋ ಎಡವಟ್ಟಾಗಿದೆ ಎಂದು ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ. ಇಂಥವನ್ನು ಹುಡುಕಿ ಬದಲಿಸಲು ಹೆಚ್ಚು ಹೊತ್ತೂ ಬೇಡ. ಅಪಾಯ ಇರುವುದು ಒಳ್ಳೆಯ ಕನ್ನಡದಲ್ಲಿ ಕೂತಿರುವ ತಪ್ಪಿನಲ್ಲಿ.

"ಮಾಡಬೇಕಾಗಿಲ್ಲ"

ಅಂಥ ಮೊದಲ ತಪ್ಪು ಸಿಕ್ಕಿದ್ದು 11(4)ರ ನಿಷೇಧದಲ್ಲಿ. ಯಂತ್ರ ಕೊಟ್ಟ ವಾಕ್ಯ ಹೀಗಿತ್ತು: "ಈ ಅಧಿಸೂಚನೆ ಪ್ರಕಟವಾದ ದಿನಾಂಕದಿಂದ ಯಾವುದೇ ವ್ಯಕ್ತಿಯು ಅನುಸೂಚಿಯಲ್ಲಿ ತಿಳಿಸಿರುವ ಭೂಮಿಗೆ ಸಂಬಂಧಿಸಿದ ಯಾವುದೇ ವ್ಯವಹಾರವನ್ನು ಮಾಡಬೇಕಾಗಿಲ್ಲ ಅಥವಾ ಅದರ ಮೇಲೆ ಯಾವುದೇ ಹೊರೆಯನ್ನು ಸೃಷ್ಟಿಸಬೇಕಾಗಿಲ್ಲ."

ವ್ಯಾಕರಣದಲ್ಲಿ ಕೊಂಕಿಲ್ಲ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಅರ್ಥ ತಲೆಕೆಳಗು. ಕಾಯ್ದೆ ಹೇಳುವುದು ಯಾರೂ ವ್ಯವಹಾರ ಮಾಡಕೂಡದು ಎಂದು. ಕನ್ನಡದ ವಾಕ್ಯ ಹೇಳುವುದು ಮಾಡುವ ಅಗತ್ಯವಿಲ್ಲ, ಬೇಕಿದ್ದರೆ ಮಾಡಿಕೊಳ್ಳಿ ಎಂದು. "ಬೇಕು" ಎಂಬುದಕ್ಕೆ ಇಲ್ಲ ಎಂಬ ಅರ್ಥ ಸೇರಿಸುವಾಗ ಕನ್ನಡದಲ್ಲಿ ಎರಡು ದಾರಿಗಳಿವೆ. "ಬೇಕಾಗಿಲ್ಲ" ಎಂದರೆ ಕಟ್ಟುಪಾಡು ಇಲ್ಲ, "ಬಾರದು, ಕೂಡದು, ತಕ್ಕದ್ದಲ್ಲ" ಎಂದರೆ ತಡೆ ಇದೆ. ಇಂಗ್ಲಿಷ್ ಕಾನೂನಿನ ಕಡ್ಡಾಯ ಸೂಚಕವನ್ನು "ಬೇಕು" ಎಂದು ಹಿಡಿದು, ಅದರ ಮೇಲೆ "ಇಲ್ಲ" ಸೇರಿಸಿದರೆ ಕಟ್ಟುಪಾಡು ಹೋಗುತ್ತದೆ, ತಡೆ ಬರುವುದಿಲ್ಲ.

ಇದರಿಂದ ಆಗುವ ನಷ್ಟ ಕಲ್ಪನೆಯದಲ್ಲ. ಅದೇ ಉಪಕಲಮಿನ ಪರಂತುಕದ ಪ್ರಕಾರ, ಈ ತಡೆಯನ್ನು ಬೇಕೆಂದೇ ಮೀರಿದವರಿಗೆ ಆಗುವ ನಷ್ಟವನ್ನು ಜಿಲ್ಲಾಧಿಕಾರಿ ತುಂಬಿಕೊಡುವುದಿಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಒಂದೆಕರೆ ಮಾರಲು ಮಾತಾಡಿಕೊಂಡ ರೈತ ಈ ವಾಕ್ಯ ಓದಿ ಮುಂದುವರಿದರೆ, ಮುಂಗಡ ಕೊಟ್ಟವರೂ ತಗೊಂಡವರೂ ಸಿಕ್ಕಿಬೀಳುತ್ತಾರೆ.

ತಿದ್ದುವಾಗಲೂ ಒಂದು ಹಳ್ಳವಿತ್ತು. "ಪರಭಾರೆ ಮಾಡತಕ್ಕದ್ದಲ್ಲ" ಎಂದು ಬರೆಯಲು ಕೈ ತಾನಾಗಿ ಓಡುತ್ತದೆ, ಕಂದಾಯದ ಕಾಗದಗಳಲ್ಲಿ ಅದು ಬಹಳ ಹಳೆಯ ಮಾತು. ಆದರೆ ಪರಭಾರೆ ಎಂದರೆ ಹಕ್ಕನ್ನು ಇನ್ನೊಬ್ಬರಿಗೆ ದಾಟಿಸುವುದು. ಕಾಯ್ದೆಯ ಮಾತು ಅದಕ್ಕಿಂತ ಅಗಲ, ಯಾವುದೇ ವ್ಯವಹಾರ ಎನ್ನುತ್ತದೆ. ಯಂತ್ರದ "ವ್ಯವಹಾರ" ಎಂಬ ಪದ ಸರಿಯಾಗೇ ಇತ್ತು. ಅದನ್ನು ತೆಗೆದು ಚೆಂದದ ಪದ ಹಾಕಿದ್ದರೆ ನಾನೇ ಕಾನೂನನ್ನು ಕಿರಿದು ಮಾಡಿದಂತಾಗುತ್ತಿತ್ತು. ಹಾಗಾಗಿ ಕೊನೆಗೆ ಉಳಿದದ್ದು ಹೀಗೆ: "…ಯಾವೊಬ್ಬ ವ್ಯಕ್ತಿಯೂ ಅನುಸೂಚಿಯಲ್ಲಿ ಕಾಣಿಸಿದ ಜಮೀನಿನ ಬಗ್ಗೆ ಯಾವುದೇ ವ್ಯವಹಾರ ಮಾಡತಕ್ಕದ್ದಲ್ಲ ಮತ್ತು ಅದರ ಮೇಲೆ ಯಾವುದೇ ಋಣಭಾರವನ್ನು ಉಂಟುಮಾಡತಕ್ಕದ್ದಲ್ಲ." "ಹೊರೆ" ಹೋಗಿ "ಋಣಭಾರ" ಬಂತು, ಏಕೆಂದರೆ ನೋಂದಣಿ ಕಚೇರಿಯಲ್ಲಿ ರೈತರು ತೆಗೆಸುವುದು ಋಣಭಾರ ಪ್ರಮಾಣಪತ್ರವನ್ನೇ.

ಇದಾದ ಮೇಲೆ ಓದುವ ಕ್ರಮವನ್ನೇ ತಿರುಗಿಸಿದೆ. ಕನ್ನಡವನ್ನು ಮೊದಲು ಓದಿದರೆ ಅದರ ಓಟ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಅರ್ಥ ಸರಿಯಿದೆ ಎಂದೇ ಮನಸ್ಸು ನಂಬುತ್ತದೆ. ಆದ್ದರಿಂದ ಇಂಗ್ಲಿಷನ್ನು ಮಾತ್ರ ಮುಂದಿಟ್ಟುಕೊಂಡು, ಕಡ್ಡಾಯ, ನಿಷೇಧ, ಅನುಮತಿ ಇರುವ ಪ್ರತಿ ಕ್ರಿಯಾಪದಕ್ಕೂ, ಗಡುವು ಹೇಳುವ ಪ್ರತಿ ಪದಪುಂಜಕ್ಕೂ, "ಹೊರತು", "ಒಳಪಟ್ಟು" ಎಂದು ಬರುವ ಪ್ರತಿ ಷರತ್ತಿಗೂ ಬಣ್ಣ ಹಚ್ಚಿದೆ. ಆಮೇಲೆ ಕನ್ನಡದಲ್ಲಿ ಆ ಜಾಗಗಳನ್ನು ಮಾತ್ರ ಹುಡುಕಿ ಹೋಲಿಸಿದೆ. ಉಳಿದ ವಾಕ್ಯಗಳ ಸರದಿ ಆನಂತರ.

ಯಾರು, ಯಾರಿಗೆ, ಹೇಗೆ

15ನೇ ಕಲಮನ್ನು ಆಧರಿಸಿದ ಪ್ಯಾರಾದಲ್ಲಿ ಗಡುವು ಸರಿಯಾಗಿತ್ತು, "ಪ್ರಕಟಣೆಯ ದಿನಾಂಕದಿಂದ ಅರವತ್ತು ದಿನಗಳ ಒಳಗಾಗಿ" ಎಂದೇ ಬಂದಿತ್ತು. ಕೆಟ್ಟಿದ್ದು ಅದರ ಸುತ್ತಲಿನ ಮನುಷ್ಯರು.

ಆಕ್ಷೇಪಣೆ ಸಲ್ಲಿಸಬಹುದಾದವರನ್ನು ಯಂತ್ರ "ಆಸಕ್ತ ವ್ಯಕ್ತಿಗಳು" ಎಂದಿತ್ತು. ಆಸಕ್ತರು ಅರ್ಜಿ ಹಾಕಬಹುದು ಎನ್ನುವುದು ಅಂಗನವಾಡಿ ನೇಮಕದ ಪ್ರಕಟಣೆಯ ಧಾಟಿ. ಕಾಯ್ದೆಯಲ್ಲಿ ಇದಕ್ಕೆ ವ್ಯಾಖ್ಯಾನವೇ ಇದೆ. ಪರಿಹಾರದಲ್ಲಿ ಪಾಲು ಕೇಳುವವರು, ಜಮೀನಿನ ಮೇಲೆ ದಾರಿಯಂಥ ಅನುಭೋಗದ ಹಕ್ಕುಳ್ಳವರು, ರಾಜ್ಯದ ಕಾನೂನಿನಂತೆ ಗೇಣಿಹಕ್ಕು ಇರುವವರು, ಮುಖ್ಯ ಜೀವನೋಪಾಯಕ್ಕೆ ಪೆಟ್ಟು ಬೀಳುವವರು ಎಲ್ಲರೂ ಅದರಲ್ಲಿ ಸೇರುತ್ತಾರೆ. ಪಹಣಿಯಲ್ಲಿ ಹೆಸರಿಲ್ಲದೆ ಆ ಹೊಲದ ದುಡಿಮೆಯಲ್ಲೇ ಬದುಕುವವರಿಗೂ ಇಲ್ಲಿ ಮಾತಾಡುವ ಜಾಗವಿದೆ. "ಹಿತಾಸಕ್ತಿಯುಳ್ಳ ವ್ಯಕ್ತಿಗಳು" ಎಂದು ಬದಲಿಸಿ, ಆ ಪದವನ್ನು ದಾಖಲೆಯ ಉದ್ದಕ್ಕೂ ಒಂದೇ ರೂಪದಲ್ಲಿ ಇಟ್ಟೆ.

ಮುಂದಿನ ವಾಕ್ಯ ಇನ್ನೂ ಸೂಕ್ಷ್ಮ. ಆಕ್ಷೇಪಣೆ ಕೊಟ್ಟವರ ಮಾತನ್ನು ಅಧಿಕಾರಿ ಕೇಳಿಸಿಕೊಳ್ಳಬೇಕು ಎನ್ನುವುದು ಕಾನೂನು. ಯಂತ್ರದ ಕನ್ನಡ: "ಆಕ್ಷೇಪಿಸುವವರಿಗೆ ಖುದ್ದಾಗಿ ಅಥವಾ ಅವರು ಅಧಿಕಾರ ನೀಡಿದ ವ್ಯಕ್ತಿಯ ಮೂಲಕ ಅಥವಾ ವಕೀಲರ ಮೂಲಕ ಕೇಳುವ ಅವಕಾಶವನ್ನು ನೀಡಬೇಕು." ಇಲ್ಲಿ ಕೇಳುವವರು ರೈತರಾಗಿಬಿಟ್ಟರು. ಹೇಳಿಕೊಳ್ಳುವ ಹಕ್ಕು ಹೋಗಿ, ಕೂತು ಕೇಳುವ ಅವಕಾಶ ಉಳಿಯಿತು. ಜೊತೆಗೆ "ಅವರು ಅಧಿಕಾರ ನೀಡಿದ ವ್ಯಕ್ತಿ" ಎನ್ನುವಲ್ಲಿ "ಅವರು" ಯಾರು? ಹಿಂದಿನ ವಾಕ್ಯದ ಕರ್ತೃ ಅಧಿಕಾರಿ. ಅಧಿಕಾರಿ ಒಪ್ಪಿದ ವ್ಯಕ್ತಿ ಮಾತ್ರ ಬರಬಹುದು ಎಂದು ಓದುವವರು ಖಂಡಿತ ಇರುತ್ತಾರೆ. ಪದಕ್ಕೆ ಪದ ಸರಿಯಿದ್ದರೂ ಇದು ಗಂಭೀರ ತಪ್ಪು. ಹೀಗೆ ಮಾಡಿದೆ: "ಆಕ್ಷೇಪಣೆದಾರರು ತಾವೇ ಹಾಜರಾಗಿ, ಇಲ್ಲವೆ ತಮ್ಮ ಪರವಾಗಿ ತಾವು ಅಧಿಕಾರ ಕೊಟ್ಟ ವ್ಯಕ್ತಿಯ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡತಕ್ಕದ್ದು."

ಆಕ್ಷೇಪಣೆ ಕೊಡಬೇಕಾದದ್ದು ಯಾರಿಗೆ? ಮೊದಲ ಪುಟದಲ್ಲಿ "ಜಿಲ್ಲಾಧಿಕಾರಿ", ಎರಡನೆಯದರಲ್ಲಿ "ಕಲೆಕ್ಟರ್", ಆಕ್ಷೇಪಣೆಯ ಪ್ಯಾರಾದಲ್ಲೇ "ಸಂಗ್ರಾಹಕರು". ಒಬ್ಬರೇ ಅಧಿಕಾರಿ ಮೂವರಾಗಿದ್ದರು. ವಾಕ್ಯಗಳನ್ನು ಬಿಡಿಬಿಡಿಯಾಗಿ ಅನುವಾದಿಸುವ ವ್ಯವಸ್ಥೆಗಳಲ್ಲಿ ಇದು ಮಾಮೂಲು, ಮೇಲಿನ ವಾಕ್ಯದಲ್ಲಿ ಯಾವ ಪದ ಬಳಸಿದೆ ಎಂಬ ನೆನಪು ಅವಕ್ಕಿರುವುದಿಲ್ಲ. ಸಾಮಾನ್ಯ ಬರಹದಲ್ಲಾದರೆ ಪದಗಳ ಹೊಂದಾಣಿಕೆ ಸಣ್ಣ ವಿಷಯ. ಇಲ್ಲಿ ಅದು ಲಕೋಟೆಯ ಮೇಲಿನ ವಿಳಾಸದ ಪ್ರಶ್ನೆ. ಅದಲ್ಲದೆ ಕಾಯ್ದೆಯಲ್ಲಿ ಆ ಪದ ಸರ್ಕಾರ ಗೊತ್ತುಪಡಿಸಿದ ಬೇರೆ ಅಧಿಕಾರಿಯನ್ನೂ ಒಳಗೊಳ್ಳುತ್ತದೆ, ಅನೇಕ ಪ್ರಕರಣಗಳಲ್ಲಿ ಅರ್ಜಿ ತೆಗೆದುಕೊಳ್ಳುವವರು ವಿಶೇಷ ಭೂಸ್ವಾಧೀನಾಧಿಕಾರಿ. ಇದನ್ನು ನಾನು ಊಹಿಸಿ ತುಂಬುವ ಹಾಗಿರಲಿಲ್ಲ. ಜಾಗವನ್ನು ಹಳದಿ ಮಾಡಿ, "ಗೊತ್ತುಪಡಿಸಿದ ಅಧಿಕಾರಿಯ ಪದನಾಮ ಮತ್ತು ಕಚೇರಿ ವಿಳಾಸ ಬೇಕು" ಎಂದು ಪ್ರಶ್ನೆ ಬರೆದು ಕಳಿಸಿದೆ.

ಕೋಷ್ಟಕ

ಜಮೀನುಗಳ ಅನುಸೂಚಿಯನ್ನು "ಅದರಲ್ಲಿ ಏನಿದೆ, ಬರೀ ನಂಬರು" ಎಂದು ಕಚೇರಿಯವರು ಬಿಟ್ಟಿದ್ದರು. ನನ್ನ ಹೆಚ್ಚಿನ ಹೊತ್ತು ಹೋದದ್ದು ಅಲ್ಲೇ.

ಕಂದಾಯ ದಾಖಲೆಯಲ್ಲಿ ವಿಸ್ತೀರ್ಣವನ್ನು ಎಕರೆ-ಗುಂಟೆಯಲ್ಲಿ ಬರೆಯುತ್ತೇವೆ. 1-20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಅದು ಒಂದೂವರೆ ಎಕರೆ. ಬಂದ ಕನ್ನಡದಲ್ಲಿ ಕೆಲವು ಸಾಲುಗಳಲ್ಲಿ ಅದು "1.20 ಎಕರೆ" ಆಗಿತ್ತು. ದಶಮಾಂಶದಲ್ಲಿ ಓದಿದರೆ ಒಂದು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಕಾಗದದಲ್ಲೇ ಮಾಯ. ಇನ್ನೊಂದು ಕಡೆ ವಿಸ್ತೀರ್ಣದ ಕಾಲಂನಲ್ಲಿ "ಡಿಸೆಂಬರ್ 2" ಎಂದಿತ್ತು. ಇದು ಯಂತ್ರಾನುವಾದದ ತಪ್ಪಲ್ಲ. 2-12 ಎಂದು ಟೈಪ್ ಮಾಡಿದ್ದನ್ನು ಎಕ್ಸೆಲ್ ತಾರೀಖೆಂದು ತಿಳಿದು ಬದಲಿಸಿತ್ತು, ಯಂತ್ರ ಅದನ್ನು ನಿಷ್ಠೆಯಿಂದ ಕನ್ನಡ ಮಾಡಿತ್ತು. ಮೂಲವೇ ಕೆಟ್ಟಿದ್ದಾಗ ಅನುವಾದವನ್ನು ಮೂಲದೊಂದಿಗೆ ಹೋಲಿಸಿ ಪ್ರಯೋಜನವಿಲ್ಲ.

"ಡಿಸೆಂಬರ್ 2" ಕಣ್ಣಿಗೆ ಬೀಳುತ್ತದೆ, "1.20" ಬೀಳುವುದಿಲ್ಲ. ಅದನ್ನು ಹಿಡಿಯುವ ಉಪಾಯ ಮೊತ್ತ. ಒಂದು ಗ್ರಾಮದ ಮೂರು ಸರ್ವೆ ನಂಬರುಗಳು 1-20, 0-35, 2-12 ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಗುಂಟೆಗೆ ಇಳಿಸಿದರೆ 60, 35, 92. ಒಟ್ಟು 187 ಗುಂಟೆ, ಅಂದರೆ 4 ಎಕರೆ 27 ಗುಂಟೆ. ಅವನ್ನೇ ದಶಮಾಂಶವೆಂದು ಕೂಡಿದರೆ ಬರುವುದು 3.67. ಮೂರೇ ಸಾಲಿನಲ್ಲಿ ಸುಮಾರು ಒಂದು ಎಕರೆ ವ್ಯತ್ಯಾಸ. ಪ್ರತಿ ಗ್ರಾಮದ ಕೆಳಗೆ ಕರಡಿನಲ್ಲಿ ಕೊಟ್ಟಿದ್ದ ಮೊತ್ತವನ್ನು ಗುಂಟೆಯ ಲೆಕ್ಕದಲ್ಲಿ ತಾಳೆ ನೋಡಿದೆ. ತಾಳೆಯಾಗದ ಗ್ರಾಮಗಳ ಸಾಲುಗಳನ್ನು ಒಂದೊಂದಾಗಿ ತೆಗೆದು ನೋಡಿದೆ.

ಇನ್ನೊಂದು ಜಾಗ ಖರಾಬಿನದು. ನಮ್ಮ ಭೂಕಂದಾಯ ನಿಯಮಗಳಲ್ಲಿ ಖರಾಬು ಎರಡು ಬಗೆ. ಅ ಖರಾಬು ಎಂದರೆ ಸರ್ವೆಯ ಕಾಲಕ್ಕೆ ಸಾಗುವಳಿಗೆ ಬಾರದೆಂದು ಗುರುತಿಸಿದ, ಹಿಡುವಳಿದಾರರ ಕಣ, ಕೊಟ್ಟಿಗೆಯಂಥ ಜಾಗ. ಬ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯದು. ಪರಿಹಾರದ ಮಾತು ಬಂದಾಗ ಈ ಎರಡಕ್ಕೂ ಅಜಗಜಾಂತರ. ಮೊದಲನೆಯದರ ಗುರುತಾಗಿ ಇಂಗ್ಲಿಷಿನಲ್ಲಿದ್ದ A ಅಕ್ಷರವನ್ನು ಯಂತ್ರ "ಒಂದು" ಎಂದು ಓದಿ "ಒಂದು ಖರಾಬು" ಎಂದು ಬರೆದಿತ್ತು. ಅಕ್ಷರ ಹೋದರೆ ಆ ಜಾಗ ಯಾರದು ಎಂಬ ಸುಳಿವೇ ಹೋಗುತ್ತದೆ.

ಹೆಸರುಗಳದು ಬೇರೆ ಕಥೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಲ ಮತ್ತು ಳ ಒಂದೇ, ಹ್ರಸ್ವ ದೀರ್ಘ ಒಂದೇ. ಮಾಳಪ್ಪ ಇಂಗ್ಲಿಷಿಗೆ ಹೋಗಿ ಮಾಲಪ್ಪನಾಗಿ ಮರಳಿದ್ದ, ಇನ್ನೊಂದು ಸಾಲಿನಲ್ಲಿ ಮಲಪ್ಪ. ಇವನ್ನು ಯಾವ ಜಾಣತನದಿಂದಲೂ ತಿದ್ದಲು ಬರುವುದಿಲ್ಲ, ಏಕೆಂದರೆ ಮೂರೂ ಹೆಸರುಗಳಾಗಿ ಸಾಧ್ಯ. ಅಷ್ಟಕ್ಕೂ ಈ ಹೆಸರುಗಳು ಹುಟ್ಟಿದ್ದೇ ಕನ್ನಡದಲ್ಲಿ. ಭೂಮಿ ತಂತ್ರಾಂಶದ ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು ಕನ್ನಡದಲ್ಲೇ, ಬಿನ್, ಕೋಂ ಸಮೇತ ಇರುತ್ತದೆ. ಸಲಹೆಗಾರರು ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದರು, ಯಂತ್ರ ಮತ್ತೆ ಕನ್ನಡಕ್ಕೆ ತಿರುಗಿಸಿತ್ತು. ನನ್ನ ತೀರ್ಮಾನ ಸ್ಪಷ್ಟವಾಗಿತ್ತು: ಅನುಸೂಚಿಯನ್ನು ತಿದ್ದುವುದು ಬೇಡ, ಅನುವಾದಿಸುವುದೂ ಬೇಡ. ಹೆಸರು, ಸರ್ವೆ ನಂಬರು, ಹಿಸ್ಸಾ, ಖರಾಬು, ಜಮೀನಿನ ಬಗೆ ಎಲ್ಲವನ್ನೂ ಪಹಣಿಯಿಂದ ನೇರವಾಗಿ ಎತ್ತಿ ಹಾಕಬೇಕು. ಹಾಗೆ ಮಾಡಿದರೆ "ಒಣ ಭೂಮಿ", "ಒದ್ದೆ ಭೂಮಿ" ಎಂದು ಬಂದಿದ್ದವೂ ತಾವಾಗಿ ಖುಷ್ಕಿ, ತರಿ ಆಗುತ್ತವೆ.

ಕಚೇರಿಯ ಶಿರಸ್ತೇದಾರರು ಫೋನ್ ಮಾಡಿದರು. "ಮೇಡಂ, ನಿಮ್ಮನ್ನ ಭಾಷೆ ನೋಡೋಕೆ ಅಂತ ಕೇಳಿದ್ದು. ಟೇಬಲ್ ಯಾಕೆ ವಾಪಸ್ ಕಳಿಸಿದ್ರಿ? ಇನ್ನು ಪಹಣಿ ಎಲ್ಲ ತೆಗೆಸ್ಬೇಕಲ್ಲ?"

"ಸರ್, ಮೂರು ಸಾಲು ಕೂಡಿ ನೋಡಿ. ಕೆಳಗಿನ ಟೋಟಲ್‌ಗೆ ಬರಲ್ಲ. ಮಾಳಪ್ಪನವರ ಹೆಸರು ಎರಡು ಥರ ಇದೆ, ನಾಳೆ ಅವರು ಇದು ನನ್ನ ಜಮೀನಲ್ಲ ಅಂದ್ರೆ ಏನು ಹೇಳ್ತೀರಿ?"

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಸರಿ, ಕೇಸ್ ವರ್ಕರ್‌ಗೆ ಹೇಳ್ತೀನಿ. ಆದ್ರೆ ಮೊದಲ ಪುಟದ ಭಾಷೆ ಇನ್ನೂ ಒರಟಾಗಿದೆಯಲ್ಲ ಮೇಡಂ, ಅದನ್ನ ಬಿಟ್ಟಿದ್ದೀರಿ."

ಬಿಟ್ಟದ್ದು ಏಕೆ

ಅವರು ಹೇಳಿದ್ದು ನಿಜ. ಪೀಠಿಕೆಯಲ್ಲಿ "ಉದ್ದೇಶಿಸಲ್ಪಟ್ಟಿರುತ್ತದೆ", "ಸರ್ಕಾರದಿಂದ ಪರಿಗಣಿಸಲ್ಪಟ್ಟು" ಎಂಬಂಥ ಕರ್ಮಣಿ ವಾಕ್ಯಗಳು ಹಾಗೇ ಇದ್ದವು. ಒಂದು ಕಡೆ "ಭೂಮಿ", ಒಂದು ಕಡೆ "ಜಮೀನು" ಎಂದಿತ್ತು. ಇನ್ನಷ್ಟು ಸಮಯವಿದ್ದರೆ ಅವನ್ನು ಖಂಡಿತ ಬಿಡಿಸಿ ಬರೆಯುತ್ತಿದ್ದೆ, ಸರ್ಕಾರದ ಕಾಗದ ಎಂದ ಮಾತ್ರಕ್ಕೆ ಕನ್ನಡ ಏದುಸಿರು ಬಿಡಬೇಕಾಗಿಲ್ಲ. ಆದರೆ ಆ ಪುಟವನ್ನು ಓದಿ ಯಾರ ನಡೆಯೂ ಬದಲಾಗುವುದಿಲ್ಲ. ಯಂತ್ರಾನುವಾದ ತಿದ್ದುವುದರ ಬಗ್ಗೆ 2017ರಲ್ಲಿ ಬಂದ ಐಎಸ್‌ಒ 18587 ಮಾನದಂಡ ಪೂರ್ಣ ತಿದ್ದುವಿಕೆ, ಲಘು ತಿದ್ದುವಿಕೆ ಎಂದು ಎರಡನ್ನು ಗುರುತಿಸುತ್ತದೆ. ಪ್ರಕಟವಾಗುವ ಕಾನೂನು ಕಾಗದಕ್ಕೆ ಪೂರ್ಣವೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸಮಯ ಸಿಗದಾಗ ನಾನು ಮಾಡುವುದೆಂದರೆ, ಹಕ್ಕು, ಗಡುವು, ನಿಷೇಧ, ವಿಳಾಸ, ಅಳತೆ ಇರುವ ಭಾಗಗಳಿಗೆ ಪೂರ್ಣ, ಉಳಿದದ್ದಕ್ಕೆ ಲಘು. ಯಾವ ಪುಟಕ್ಕೆ ಯಾವುದು ಎಂದು ಬರೆದೇ ಕಳಿಸುತ್ತೇನೆ, ತಿದ್ದಿದ್ದಾರೆ ಎಂದು ಎಲ್ಲವನ್ನೂ ಒಂದೇ ನಂಬಿಕೆಯಿಂದ ಓದಬಾರದು.

ಕೊನೆಯ ಪರೀಕ್ಷೆ ಹೊರಗಿನವರಿಂದ ಆಗಬೇಕು. ಮೂಲ ಗೊತ್ತಿರುವ ನನಗೆ ಕನ್ನಡ ಎಷ್ಟೇ ಮಸುಕಾಗಿದ್ದರೂ ಅರ್ಥ ಕಾಣುತ್ತದೆ. ಆದ್ದರಿಂದ ಇಂಗ್ಲಿಷ್ ಕರಡು ನೋಡಿರದ ಗ್ರಾಮ ಸಹಾಯಕರೊಬ್ಬರಿಗೆ ಕನ್ನಡವನ್ನು ಓದಲು ಕೊಟ್ಟು, ನಾಲ್ಕು ಪ್ರಶ್ನೆ ಕೇಳಿ ಎಂದು ಕಚೇರಿಯವರಿಗೆ ಹೇಳಿದ್ದೆ. ಯಾರು ಆಕ್ಷೇಪಣೆ ಕೊಡಬಹುದು? ಎಲ್ಲಿಗೆ? ಎಂದಿನವರೆಗೆ? ಈಗ ಜಮೀನು ಮಾರಬಹುದೇ? ಮಾರುವಂತಿಲ್ಲ ಎಂದು ಅವರು ಕೂಡಲೇ ಹೇಳಿದರಂತೆ. ಯಾರು, ಎಲ್ಲಿಗೆ ಎನ್ನುವುದೂ ಸರಿಯಾಗಿ ಬಂತು, ಅಷ್ಟರಲ್ಲಿ ಪದನಾಮವೂ ವಿಳಾಸವೂ ಕಚೇರಿಯಿಂದ ಬಂದು ಸೇರಿದ್ದವು. ಸಿಕ್ಕಿಕೊಂಡದ್ದು ಎಂದಿನವರೆಗೆ ಎಂಬಲ್ಲಿ. ಪ್ರಕಟಣೆಯ ದಿನಾಂಕ ಎಂದರೆ ರಾಜ್ಯಪತ್ರದ್ದೋ, ಪತ್ರಿಕೆಯದ್ದೋ, ಪಂಚಾಯಿತಿಯಲ್ಲಿ ಅಂಟಿಸಿದ ದಿನದ್ದೋ ಎಂದು ಅವರೇ ತಿರುಗಿ ಕೇಳಿದರು.

ಇದಕ್ಕೆ ಉತ್ತರ ಇಂಗ್ಲಿಷ್ ಕರಡಿನಲ್ಲೂ ಇರಲಿಲ್ಲ. ಮೂಲದ ಅಸ್ಪಷ್ಟತೆಯನ್ನು ಕನ್ನಡದಲ್ಲಿ ಗುಟ್ಟಾಗಿ ಬಗೆಹರಿಸುವ ಅಧಿಕಾರ ತಿದ್ದುವವರಿಗಿಲ್ಲ, ಯಾವ ದಿನ ಎಂದು ನಾನು ಆರಿಸಿದರೆ ಒಬ್ಬರ ಗಡುವನ್ನು ನಾನೇ ಕತ್ತರಿಸಿರಬಹುದು. ಗ್ರಾಮ ಸಹಾಯಕರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದು, ಕಾನೂನು ಸಲಹೆಗಾರರ ಉತ್ತರ ಬರುವವರೆಗೆ ಆ ಸಾಲನ್ನು ಮುದ್ರಣಕ್ಕೆ ಕೊಡಬಾರದು ಎಂದು ಕಡತದ ಮೇಲೆ ಟಿಪ್ಪಣಿ ಹಾಕಿ ಕಳಿಸಿದೆ. ಪತ್ರಿಕೆಗೆ ಹೋಗುವುದು ಮುಂದಕ್ಕೆ ಹೋಯಿತು, ಪಹಣಿಯಿಂದ ಎತ್ತಿದ ಹೊಸ ಅನುಸೂಚಿಯೂ ಅಷ್ಟರಲ್ಲಿ ಸಿದ್ಧವಾಯಿತು.